ಹಲ್ಲಿನ ಸಂದಿ, ಇಣುಕುವ ಒಸಡು: ವಿನಿಯರ್, ಬಾಂಡಿಂಗ್, ಒಸಡು ಕತ್ತರಿಕೆಗಳಲ್ಲಿ ಯಾವುದು ಯಾರಿಗೆ?

ಮದುವೆ ನಿಶ್ಚಯವಾಗಿ ಫೋಟೋ ತೆಗೆಸುವ ಹೊತ್ತಿಗೆ ಹಲ್ಲಿನ ಡಾಕ್ಟರ ಬಳಿ ಬರುವವರ ದೂರು ಸಾಮಾನ್ಯವಾಗಿ ಎರಡು ಬಗೆಯದು. ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದಿ ಇದೆ ಎಂಬುದು ಒಂದು. ನಕ್ಕರೆ ಹಲ್ಲಿಗಿಂತ ಒಸಡೇ ಎದ್ದು ಕಾಣುತ್ತದೆ ಎಂಬುದು ಇನ್ನೊಂದು. ಹಲವರಿಗೆ ಎರಡೂ ಇರುತ್ತವೆ. ಈಗಿನವರು ದೂರಿನ ಜೊತೆಗೆ ಪರಿಹಾರವನ್ನೂ ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾರೆ: "ವಿನಿಯರ್ ಹಾಕಿಬಿಡಿ ಡಾಕ್ಟ್ರೇ, ಎಷ್ಟಾಗುತ್ತೆ?"

ಕ್ಲಿನಿಕ್‌ಗಳ ದರಪಟ್ಟಿಯಲ್ಲಿ ವಿನಿಯರ್, ಬಾಂಡಿಂಗ್, ಗಮ್ ಕಾಂಟೂರಿಂಗ್ ಎಂಬ ಮೂರು ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಹಾಗಾಗಿ ಇವು ಒಂದೇ ಸರಕಿನ ಅಗ್ಗದ, ಮಧ್ಯಮ, ದುಬಾರಿ ನಮೂನೆಗಳೆಂದು ಅನಿಸುವುದು ಸಹಜ. ನಿಜದಲ್ಲಿ ಮೂರೂ ಬೇರೆ ಬೇರೆ ಕೆಲಸಗಳು. ಬಾಂಡಿಂಗ್ ಹಲ್ಲಿಗೆ ಇಲ್ಲದ್ದನ್ನು ಸೇರಿಸುತ್ತದೆ. ವಿನಿಯರ್ ಹಲ್ಲಿನ ಮುಂಬದಿಗೆ ಹೊಸ ಮೈ ಕೊಡುತ್ತದೆ, ಬಹುಪಾಲು ಸಲ ಹಳೆಯ ಮೈಯನ್ನು ಸ್ವಲ್ಪ ಕೆರೆದು. ಒಸಡು ಕತ್ತರಿಕೆ ಹಲ್ಲನ್ನು ಮುಟ್ಟುವುದೇ ಇಲ್ಲ, ಹಲ್ಲಿನ ಸುತ್ತಲಿನ ಅಂಚನ್ನು ಮೇಲಕ್ಕೆ ಸರಿಸುತ್ತದೆ. ಯಾವುದು ಬೇಕು ಎಂಬುದನ್ನು ತೀರ್ಮಾನಿಸುವುದು ಕೆಲವು ಮಿಲಿಮೀಟರ್‌ಗಳ ಅಳತೆ. ಆ ಅಳತೆ ತೆಗೆಯದೆ ಹೇಳಿದ ದರಕ್ಕೆ ಅರ್ಥವಿಲ್ಲ.

ಸಂದಿ ಹಳೆಯದೋ, ಹೊಸದೋ?

ಸಂದಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟು ಅಗಲ ಎಂದಲ್ಲ, ಯಾವಾಗಿನಿಂದ ಇದೆ ಎಂದು.

ಏಳರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯ ಹಾಗೆ ಅಗಲಿಕೊಂಡಿರುವುದು ಬೆಳವಣಿಗೆಯ ಒಂದು ಹಂತ. ಸುಮಾರು ಹನ್ನೆರಡರ ಹೊತ್ತಿಗೆ ಕೋರೆಹಲ್ಲುಗಳು ಇಳಿದು ಬಂದಾಗ ಆ ಒತ್ತಿಗೆ ಸಂದಿ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲೇ ಅಂದಕ್ಕಾಗಿ ಏನನ್ನಾದರೂ ಅಂಟಿಸಿದರೆ ಮುಚ್ಚಿಕೊಳ್ಳಬೇಕಾದ ಜಾಗವನ್ನು ನಾವೇ ಅಡ್ಡಗಟ್ಟಿದಂತೆ.

ದೊಡ್ಡವರಾದ ಮೇಲೂ ಉಳಿದ ಸಂದಿಗೆ ಕಾರಣಗಳು ಹಲವು. ದವಡೆಗೆ ಹೋಲಿಸಿದರೆ ಹಲ್ಲುಗಳು ಕಿರಿದಾಗಿರಬಹುದು. ಬಾಚಿಹಲ್ಲಿನ ಪಕ್ಕದ ಹಲ್ಲು ಗೂಟದಂತೆ ಚೂಪಾಗಿರಬಹುದು ಅಥವಾ ಹುಟ್ಟಿಯೇ ಇರಲಿಕ್ಕಿಲ್ಲ. ಎರಡು ಹಲ್ಲುಗಳ ನಡುವಿನ ಮೂಳೆಯಲ್ಲಿ ಹೆಚ್ಚುವರಿ ಹಲ್ಲೊಂದು ಹೊರಬರದೆ ಕೂತಿರಬಹುದು; ಎಕ್ಸ್‌ರೇ ಇಲ್ಲದೆ ಇದು ತಿಳಿಯುವುದಿಲ್ಲ. ಮೇಲ್ದುಟಿಯನ್ನು ಒಸಡಿಗೆ ಕಟ್ಟಿರುವ ತೆಳು ಪೊರೆ ದಪ್ಪವಾಗಿ ಹಲ್ಲುಗಳ ನಡುವೆ ಇಳಿದಿರಬಹುದು. ತುಟಿಯನ್ನು ಮೇಲಕ್ಕೆಳೆದಾಗ ಹಲ್ಲುಗಳ ನಡುವಿನ ಒಸಡಿನ ತುದಿ ಬಿಳಿಚಿಕೊಂಡರೆ ಆ ಪೊರೆಯ ಮೇಲೆ ಅನುಮಾನ ಪಡಬೇಕು. ನುಂಗುವಾಗ ನಾಲಿಗೆಯನ್ನು ಹಲ್ಲಿಗೆ ಒತ್ತುವ ಅಭ್ಯಾಸವೂ ಸಂದಿ ಮಾಡಬಲ್ಲದು. ಆ ಅಭ್ಯಾಸ ಉಳಿದರೆ ಕ್ಲಿಪ್ ಹಾಕಿ ಮುಚ್ಚಿದ ಸಂದಿಯೂ ಮತ್ತೆ ತೆರೆದುಕೊಳ್ಳುತ್ತದೆ.

ಇವೆಲ್ಲ ಹಳೆಯ ಸಂದಿಗಳು. ಮೂವತ್ತೈದು, ನಲವತ್ತು ದಾಟಿದವರಲ್ಲಿ ಹಿಂದೆ ಇಲ್ಲದ ಸಂದಿ ಈಗ ಕಾಣಿಸಿಕೊಂಡಿದ್ದರೆ ಮಾತು ಬೇರೆ. ಒಸಡಿನ ಕಾಯಿಲೆಯಿಂದ ಹಲ್ಲು ಹಿಡಿದಿರುವ ಮೂಳೆ ಕರಗಿದಾಗ ಬಾಚಿಹಲ್ಲುಗಳು ಮುಂದಕ್ಕೆ ಬಾಗಿ ಅಗಲುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಇದು ಬೇಗ ನಡೆಯುತ್ತದೆ. ಬ್ರಷ್ ಮಾಡುವಾಗ ರಕ್ತ, ಬಾಯಿ ವಾಸನೆ, ಬೆರಳಲ್ಲಿ ಒತ್ತಿದರೆ ಹಲ್ಲು ಸ್ವಲ್ಪ ಅಲುಗುವುದು ಇದರ ಗುರುತುಗಳು. ಇಂಥ ಸಂದಿಯನ್ನು ಬಾಂಡಿಂಗ್‌ನಿಂದಲೋ ವಿನಿಯರ್‌ನಿಂದಲೋ ಮುಚ್ಚಿದರೆ ಒಳಗಿನ ಕಾಯಿಲೆ ಮರೆಯಲ್ಲಿ ಮುಂದುವರಿಯುತ್ತದೆ. ಅಲ್ಲಿ ಮೊದಲ ಚಿಕಿತ್ಸೆ ಒಸಡಿನದು. ಅಂದದ ಮಾತು ಕಾಯಿಲೆ ನಿಂತ ಮೇಲೆ.

ಒಸಡು ಕಾಣುವುದಕ್ಕೆ ಒಸಡೇ ಕಾರಣ ಅಲ್ಲದಿರಬಹುದು

ಪೂರ್ತಿ ನಕ್ಕಾಗ ಒಂದೆರಡು ಮಿಲಿಮೀಟರ್ ಒಸಡು ಕಾಣುವುದು ಚೆಂದವೇ. ಅದು ಸುಮಾರು 3-4 ಮಿಲಿಮೀಟರ್ ದಾಟಿದಾಗ ‘ಗಮ್ಮಿ ಸ್ಮೈಲ್’ ಎನ್ನುತ್ತಾರೆ. ಇದಕ್ಕೆ ನಾಲ್ಕು ಮುಖ್ಯ ಕಾರಣಗಳಿದ್ದು, ಅವುಗಳಲ್ಲಿ ಒಸಡು ಕತ್ತರಿಸಿ ಸರಿಪಡಿಸಬಹುದಾದದ್ದು ಒಂದು ಬಗೆ ಮಾತ್ರ.

ಮೊದಲನೆಯದು, ಹಲ್ಲಿನ ಮೇಲೆ ಒಸಡು ಹೆಚ್ಚಾಗಿ ಉಳಿದಿರುವುದು. ಹಲ್ಲು ಹುಟ್ಟಿದ ಮೇಲೆ ಒಸಡಿನ ಅಂಚು ನಿಧಾನವಾಗಿ ಹಿಂದೆ ಸರಿದು ಬುಡದ ಹತ್ತಿರ ನಿಲ್ಲಬೇಕು. ಕೆಲವರಲ್ಲಿ ಅದು ನಡುದಾರಿಯಲ್ಲೇ ನಿಂತುಬಿಡುತ್ತದೆ. ಅರ್ಧ ಇಳಿಬಿಟ್ಟ ಪರದೆಯ ಹಿಂದೆ ಕಿಟಕಿ ಚಿಕ್ಕದಾಗಿ ಕಾಣುವಂತೆ ಹಲ್ಲು ಗಿಡ್ಡವಾಗಿ, ಚೌಕವಾಗಿ ಕಾಣುತ್ತದೆ. ಹಲ್ಲು ನಿಜಕ್ಕೂ ಗಿಡ್ಡವಲ್ಲ.

ಎರಡನೆಯದು, ಮೇಲ್ದವಡೆಯ ಮೂಳೆಯೇ ಕೆಳಮುಖವಾಗಿ ಹೆಚ್ಚು ಬೆಳೆದಿರುವುದು. ಮೂರನೆಯದು, ಮೇಲ್ದುಟಿ ಗಿಡ್ಡವಾಗಿರುವುದು. ನಾಲ್ಕನೆಯದು, ತುಟಿಯ ಉದ್ದ ಸರಿಯಿದ್ದರೂ ನಗುವಾಗ ಅದು ಮಿತಿ ಮೀರಿ ಮೇಲೇರುವುದು. ಇವುಗಳ ಹೊರತಾಗಿ ಒಸಡು ಊದಿ ಬೆಳೆಯುವುದೂ ಉಂಟು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಹೀಗೆ ಮಾಡುತ್ತವೆ. ಆಗ ಹಲ್ಲು ಕ್ಲೀನ್ ಮಾಡಿಸಿ, ಮಾತ್ರೆ ಕೊಟ್ಟ ವೈದ್ಯರ ಜೊತೆ ಮಾತಾಡಬೇಕು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಕಾರಣ ಹುಡುಕುವ ಅಳತೆಗಳು ಸರಳ. ಸಾಮಾನ್ಯವಾಗಿ ಮೇಲಿನ ಬಾಚಿಹಲ್ಲಿನ ಎತ್ತರ 10ರಿಂದ 11 ಮಿ.ಮೀ., ಅಗಲ ಸುಮಾರು 8ರಿಂದ 8.5 ಮಿ.ಮೀ. ಅಂದರೆ ಅಗಲ ಎತ್ತರದ 75-80 ಶೇಕಡಾ ಇದ್ದರೆ ಕಣ್ಣಿಗೆ ಹಿತ. ಮೂಗಿನ ಬುಡದಿಂದ ಮೇಲ್ದುಟಿಯ ಕೆಳ ಅಂಚಿನವರೆಗೆ ಹೆಂಗಸರಲ್ಲಿ 20-22 ಮಿ.ಮೀ. ಇರುತ್ತದೆ, ಗಂಡಸರಲ್ಲಿ ತುಸು ಹೆಚ್ಚು. ನಗುವಾಗ ಆ ತುಟಿ 6ರಿಂದ 8 ಮಿ.ಮೀ. ಮೇಲೇರುತ್ತದೆ. ತುಟಿಯ ಉದ್ದವೂ ಏರಿಕೆಯೂ ಸರಿಯಿದ್ದು ಹಲ್ಲು ಮಾತ್ರ ಗಿಡ್ಡವಾಗಿ ಕಂಡರೆ ಒಸಡು ಕತ್ತರಿಕೆಗೆ ಅದು ತಕ್ಕ ಬಾಯಿ. ಹಲ್ಲು ಆಗಲೇ 10-11 ಮಿ.ಮೀ. ಕಾಣುತ್ತಿದ್ದರೆ ಕತ್ತರಿಸಲು ಹೆಚ್ಚುವರಿ ಒಸಡು ಇಲ್ಲ. ಕತ್ತರಿಸಿದರೆ ಬೇರು ಬಯಲಾಗಿ ತಣ್ಣೀರಿಗೂ ಜುಮ್ಮೆನ್ನುತ್ತದೆ.

ತುಟಿ ಹೆಚ್ಚು ಏರುವವರಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಡುವುದುಂಟು. ಕೆಲವೇ ತಿಂಗಳಲ್ಲಿ ಅದರ ಪ್ರಭಾವ ಇಳಿಯುವುದರಿಂದ ಮತ್ತೆ ಮತ್ತೆ ಮಾಡಿಸಬೇಕು. ದವಡೆಯೇ ಉದ್ದವಾಗಿದ್ದರೆ ಕ್ಲಿಪ್ ಚಿಕಿತ್ಸೆ ಅಥವಾ ದವಡೆಯ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಂಥವರಿಗೆ ‘ಲೇಸರ್‌ನಲ್ಲಿ ಹತ್ತು ನಿಮಿಷದ ಕೆಲಸ’ ಎಂದು ಹೇಳುವ ಕ್ಲಿನಿಕ್ಕು ಅಳತೆ ತೆಗೆದಿಲ್ಲ ಎಂದೇ ತಿಳಿಯಬೇಕು.

ಒಂದು ಬಾಯಿಯ ಲೆಕ್ಕ

ಮಾತನ್ನು ಅಂಕಿಯಲ್ಲಿ ನೋಡೋಣ. ಇಪ್ಪತ್ತಾರು ವರ್ಷದ ಯುವತಿಯೊಬ್ಬಳ ಬಾಯಿ ಎಂದು ಇಟ್ಟುಕೊಳ್ಳಿ. ಬಾಚಿಹಲ್ಲುಗಳ ನಡುವೆ 1.4 ಮಿ.ಮೀ. ಸಂದಿ ಇದೆ. ನಕ್ಕರೆ 4 ಮಿ.ಮೀ. ಒಸಡು ಕಾಣುತ್ತದೆ. ತುಟಿಯ ಉದ್ದ 21 ಮಿ.ಮೀ., ಏರಿಕೆ 7 ಮಿ.ಮೀ.; ಎರಡೂ ಸರಿ. ಬಾಚಿಹಲ್ಲಿನ ಅಗಲ 8 ಮಿ.ಮೀ., ಕಾಣುವ ಎತ್ತರವೂ 8 ಮಿ.ಮೀ. ಅಂದರೆ ಹಲ್ಲು ಪೂರಾ ಚೌಕ.

ಇವಳಿಗೆ ನೇರವಾಗಿ ಬಾಂಡಿಂಗ್ ಮಾಡಿ ಸಂದಿ ಮುಚ್ಚಿದರೆ ಏನಾಗುತ್ತದೆ? ಎರಡೂ ಹಲ್ಲಿಗೆ 0.7 ಮಿ.ಮೀ. ಸೇರುತ್ತದೆ. ಅಗಲ 8.7, ಎತ್ತರ 8. ಹಲ್ಲು ಎತ್ತರಕ್ಕಿಂತ ಅಗಲವಾಯಿತು. ಸಂದಿ ಹೋಗಿ ಎರಡು ಅಗಲದ ಬಿಳಿ ಬಿಲ್ಲೆಗಳು ಬಂದವು. ವಿನಿಯರ್ ಹಾಕಿದರೂ ಇದೇ ಲೆಕ್ಕ, ಯಾಕೆಂದರೆ ಪಿಂಗಾಣಿಗೂ ಇರುವುದು ಅಷ್ಟೇ ಜಾಗ. ‘ವಿನಿಯರ್ ಹಾಕಿಸಿದ ಮೇಲೆ ಹಲ್ಲು ದೊಡ್ಡದಾಗಿ ಕಾಣುತ್ತಿದೆ’ ಎಂಬ ದೂರಿನ ಮೂಲ ಅನೇಕ ಸಲ ಇಲ್ಲಿಯೇ ಇರುತ್ತದೆ.

ಈಗ ಒಸಡಿನ ಅಡಿಗೆ ಹೋಗೋಣ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮಿಲಿಮೀಟರ್ ಗುರುತುಗಳಿರುವ ತೆಳು ಕಡ್ಡಿಯನ್ನು ಒಸಡಿನೊಳಗೆ ಇಳಿಸಿ ವೈದ್ಯರು ಎರಡು ಆಳಗಳನ್ನು ನೋಡುತ್ತಾರೆ. ಎನಾಮೆಲ್ ಮುಗಿದು ಬೇರು ಶುರುವಾಗುವ ಗೆರೆ ಎಲ್ಲಿದೆ? ಮೂಳೆ ಎಲ್ಲಿ ತಗಲುತ್ತದೆ? ಇವಳಲ್ಲಿ ಆ ಗೆರೆ ಒಸಡಿನ ಅಂಚಿನಿಂದ 2.5 ಮಿ.ಮೀ. ಒಳಗಿದೆ. ಅಂದರೆ ಹಲ್ಲಿನ ನಿಜವಾದ ಎತ್ತರ 10.5 ಮಿ.ಮೀ. ಎರಡು ಮಿ.ಮೀ. ಒಸಡು ತೆಗೆದರೆ ಹಲ್ಲು 10 ಮಿ.ಮೀ. ಕಾಣುತ್ತದೆ, ಬೇರು ಬಯಲಾಗುವುದಿಲ್ಲ, ನಗುವಿನಲ್ಲಿ ಕಾಣುವ ಒಸಡು 4ರಿಂದ 2ಕ್ಕೆ ಇಳಿಯುತ್ತದೆ.

ಆದರೆ ಮೂಳೆ ತಗಲಿದ್ದು 3.5 ಮಿ.ಮೀ. ಆಳದಲ್ಲಿ. ಇಡೀ ಚಿಕಿತ್ಸೆಯ ಗೆಲುವು ಸೋಲು ನಿಂತಿರುವುದು ಈ ಅಂಕಿಯ ಮೇಲೆ. ಒಸಡಿನ ಅಂಚಿಗೂ ಮೂಳೆಗೂ ನಡುವೆ ದೇಹ ಸುಮಾರು 3 ಮಿ.ಮೀ. ಜಾಗವನ್ನು ಕಾಯ್ದುಕೊಳ್ಳುತ್ತದೆ. ಒಸಡು ಹಲ್ಲಿಗೆ ಅಂಟಿಕೊಳ್ಳುವ ಪಟ್ಟಿ ಮತ್ತು ಅದರ ಮೇಲಿನ ಸಣ್ಣ ಕಾಲುವೆ ಎರಡಕ್ಕೂ ಸೇರಿ ಅಷ್ಟು ಬೇಕು. ಎರಡು ಮಿ.ಮೀ. ಒಸಡು ಕತ್ತರಿಸಿದರೆ ಇಲ್ಲಿ ಉಳಿಯುವುದು 1.5 ಮಿ.ಮೀ. ಮಾತ್ರ. ದೇಹ ತನ್ನ ಪಾಲು ಬಿಡುವುದಿಲ್ಲ. ಕೆಲವು ತಿಂಗಳಲ್ಲಿ ಒಸಡು ಮತ್ತೆ ಕೆಳಗಿಳಿದು ಮೊದಲಿನ ಜಾಗಕ್ಕೆ ಬರುತ್ತದೆ. ಅಷ್ಟರಲ್ಲಿ ಅಲ್ಲಿ ವಿನಿಯರ್‌ನ ಅಂಚು ಬಂದು ಕೂತಿದ್ದರೆ ಒಸಡು ಸದಾ ಕೆಂಪಾಗಿ ಊದಿ ರಕ್ತ ಸುರಿಸುತ್ತದೆ. ಹಾಗಾಗಿ ಇವಳಿಗೆ ಒಸಡನ್ನು ಬಿಡಿಸಿ, ಮುಂಬದಿಯ ಮೂಳೆಯ ಅಂಚನ್ನು 1.5 ಮಿ.ಮೀ. ಹಿಂದಕ್ಕೆ ಸರಿಸಿ, ಹೊಲಿಗೆ ಹಾಕಬೇಕು. ಹಲ್ಲುಗಳ ನಡುವಿನ ಮೂಳೆಯನ್ನು ಮುಟ್ಟಬಾರದು. ಅಲ್ಲಿನ ಮೊನಚು ಒಸಡು ನಿಂತಿರುವುದು ಅದರ ಆಧಾರದ ಮೇಲೆ.

ಅದೇ ಮೂಳೆ 5 ಮಿ.ಮೀ. ಆಳದಲ್ಲಿ ತಗಲಿದ್ದರೆ? ಎರಡು ತೆಗೆದ ಮೇಲೂ ಮೂರು ಉಳಿಯುತ್ತಿತ್ತು. ಆಗ ಲೇಸರ್‌ನಿಂದ ಒಸಡಷ್ಟನ್ನೇ ಕತ್ತರಿಸಿದರೆ ಸಾಕಿತ್ತು. ಹೊಲಿಗೆ ಬೇಡ, ಮೂಳೆಯ ತಂಟೆಯಿಲ್ಲ. ಹೊರಗಿನಿಂದ ಒಂದೇ ರೀತಿ ಕಾಣುವ ಇಬ್ಬರ ಚಿಕಿತ್ಸೆ ಬೇರೆಯಾಗುವುದು ಹೀಗೆ. ‘ಲೇಸರ್ ಒಳ್ಳೆಯದೋ ಬ್ಲೇಡ್ ಒಳ್ಳೆಯದೋ’ ಎಂಬ ಚರ್ಚೆಗಿಂತ ‘ಮೂಳೆ ಎಷ್ಟು ದೂರದಲ್ಲಿದೆ’ ಎಂಬ ಪ್ರಶ್ನೆ ಮುಖ್ಯ.

ಒಸಡು ಮಾಗಿದ ಮೇಲೆ ಇವಳ ಹಲ್ಲು 8 ಅಗಲ, 10 ಎತ್ತರ. ಅಂದರೆ ಶೇಕಡಾ 80. ಈಗ ಸಂದಿ ಮುಚ್ಚಿದರೆ ಅಗಲ 8.7 ಆಗುತ್ತದೆ, ಶೇಕಡಾ 87. ಸ್ವಲ್ಪ ಅಗಲವೇ. ತುದಿಗೆ ಅರ್ಧ ಮಿ.ಮೀ. ಸೇರಿಸಿದರೆ ಎತ್ತರ 10.5, ಅನುಪಾತ ಶೇಕಡಾ 83. ಇದು ಕಣ್ಣು ಒಪ್ಪುವ ಹಲ್ಲು. ಎನಾಮೆಲ್‌ನ ಒಂದು ಪುಡಿಯನ್ನೂ ಕೆರೆಯದೆ ಇಷ್ಟಾಯಿತು.

ಸಂದಿ 2 ಮಿ.ಮೀ. ದಾಟಿದರೆ ಈ ಲೆಕ್ಕ ಕೈಕೊಡಲು ಶುರುವಾಗುತ್ತದೆ. ಆಗ ಮೊದಲು ಕ್ಲಿಪ್ ಅಥವಾ ಅಲೈನರ್ ಹಾಕಿ ಹಲ್ಲುಗಳನ್ನು ಹತ್ತಿರ ತರುವುದು, ಇಲ್ಲವೇ ಸಂದಿಯನ್ನು ಪಕ್ಕದ ಹಲ್ಲುಗಳಿಗೂ ಹಂಚಿ ಆಮೇಲೆ ತುಂಬುವುದು ಜಾಣತನ. ಕ್ಲಿಪ್‌ನಿಂದ ಮುಚ್ಚಿದ ಸಂದಿಗೆ ಹಿಂಬದಿಯಲ್ಲಿ ತೆಳು ತಂತಿ ಅಂಟಿಸಿ ಬಹುಕಾಲ ಹಿಡಿದಿಡಬೇಕಾಗುತ್ತದೆ.

ಬಾಂಡಿಂಗ್: ಒಂದು ಕೂತಿಕೆಯ ಕೆಲಸ

ಬಾಂಡಿಂಗ್‌ನ ಗುಟ್ಟು 1955ರಷ್ಟು ಹಳೆಯದು. ಆ ವರ್ಷ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಎಂಬ ದಂತವಿಜ್ಞಾನಿ ಎನಾಮೆಲ್‌ಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಅದರ ಮೇಲೆ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಆಮ್ಲ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ಗುಳಿಗಳನ್ನು ಮಾಡುತ್ತದೆ, ರಾಳ ಅವುಗಳೊಳಗೆ ಇಳಿದು ಬಿಗಿಯಾಗುತ್ತದೆ. ಇಂದಿಗೂ ತತ್ವ ಅದೇ.

ಹಲ್ಲನ್ನು ಚೊಕ್ಕ ಮಾಡಿ, ಬಣ್ಣ ಹೊಂದಿಸಿ, ಎಂಜಲು ತಾಗದಂತೆ ರಬ್ಬರ್ ಹಾಳೆ ಕಟ್ಟುತ್ತಾರೆ. ಬಣ್ಣ ಹೊಂದಿಸುವುದು ಶುರುವಿನಲ್ಲೇ ಆಗಬೇಕು, ಯಾಕೆಂದರೆ ಒಣಗಿದ ಹಲ್ಲು ನಿಜಕ್ಕಿಂತ ಬೆಳ್ಳಗೆ ಕಾಣುತ್ತದೆ. ಸುಮಾರು 37 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು 15-30 ಸೆಕೆಂಡ್ ಸವರಿ ತೊಳೆದು ಒಣಗಿಸಿದಾಗ ಎನಾಮೆಲ್ ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಅದರ ಮೇಲೆ ಅಂಟು, ಅಂಟಿನ ಮೇಲೆ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ಮೆದು ಪದಾರ್ಥ. ಎರಡು ಮಿ.ಮೀ.ಗಿಂತ ದಪ್ಪವಾಗದ ಪದರುಗಳಲ್ಲಿ ಇಟ್ಟು ಪ್ರತಿ ಪದರಿಗೂ ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಕೊನೆಗೆ ಆಕಾರ ತಿದ್ದಿ ಪಾಲಿಶ್.

ಸಂದಿ ಮುಚ್ಚುವಾಗ ನುರಿತ ಕೈ ಗೊತ್ತಾಗುವುದು ಒಸಡಿನ ಹತ್ತಿರ. ಕಾಂಪೊಸಿಟ್ ಒಸಡಿನ ಅಂಚಿನ ಸ್ವಲ್ಪ ಒಳಗಿನಿಂದಲೇ ಮೆಲ್ಲನೆ ಉಬ್ಬುತ್ತಾ ಬಂದು ಪಕ್ಕದ ಹಲ್ಲನ್ನು ಮುಟ್ಟಬೇಕು. ಮುಟ್ಟುವ ಜಾಗ ತೀರಾ ಕೆಳಗಿದ್ದರೆ ಅದರ ಮೇಲೆ ಕಪ್ಪು ತ್ರಿಕೋನವೊಂದು ಉಳಿಯುತ್ತದೆ. ಇದಕ್ಕೂ ಅಳತೆ ಇದೆ. ಡೆನ್ನಿಸ್ ಟಾರ್ನೊ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದಂತೆ, ಹಲ್ಲುಗಳು ತಾಕುವ ಬಿಂದುವಿನಿಂದ ಮೂಳೆಗೆ 5 ಮಿ.ಮೀ. ಅಥವಾ ಕಡಿಮೆ ಇದ್ದರೆ ಒಸಡಿನ ಮೊನೆ ಹೆಚ್ಚುಕಡಿಮೆ ಯಾವಾಗಲೂ ಆ ಜಾಗ ತುಂಬುತ್ತದೆ. ಅಂತರ 7 ಮಿ.ಮೀ. ಆದರೆ ಕಾಲು ಭಾಗದಷ್ಟು ಸಲ ಮಾತ್ರ.

ಬಾಂಡಿಂಗ್‌ನ ಮಿತಿಗಳೂ ಸ್ಪಷ್ಟ. ಕಾಫಿ, ಟೀ, ಅರಿಶಿನ, ಎಲೆಅಡಿಕೆಗೆ ಅದು ಬಣ್ಣ ಹಿಡಿಯುತ್ತದೆ. ಉಗುರು ಕಚ್ಚುವ, ಹಲ್ಲಿನಿಂದ ದಾರ ಕಡಿಯುವ ಅಭ್ಯಾಸವಿದ್ದರೆ ತುದಿ ಚಕ್ಕೆ ಏಳುತ್ತದೆ. ಐದಾರು ವರ್ಷಕ್ಕೊಮ್ಮೆ ದುರಸ್ತಿಯೋ ಬದಲಾವಣೆಯೋ ಬೇಕಾಗುತ್ತದೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಚಕ್ಕೆ ಎದ್ದ ಜಾಗಕ್ಕೆ ಮಾತ್ರ ಹೊಸದು ಸೇರಿಸಬಹುದು. ಬೇಡವೆನಿಸಿದರೆ ತೆಗೆಸಿಹಾಕಬಹುದು, ಕೆಳಗೆ ನಿಮ್ಮ ಹಲ್ಲು ಇದ್ದಂತೆಯೇ ಇರುತ್ತದೆ.

ವಿನಿಯರ್: ಒಮ್ಮೆ ಕೆರೆದರೆ ಜೀವನಪೂರ್ತಿ

1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಹಾಲಿವುಡ್ ನಟರಿಗಾಗಿ ತೆಳು ಹೊದಿಕೆಗಳನ್ನು ಮಾಡಿಕೊಡುತ್ತಿದ್ದರು. ಶೂಟಿಂಗ್ ಹೊತ್ತಿಗೆ ಅಂಟಿಸಿಕೊಂಡು ಆಮೇಲೆ ತೆಗೆದಿಡುವಂಥವು. ಶಾಶ್ವತವಾಗಿ ಹಿಡಿಸುವ ದಾರಿ ಸಿಕ್ಕಿದ್ದು 1980ರ ದಶಕದಲ್ಲಿ, ಪಿಂಗಾಣಿಯ ಒಳಮೈಯನ್ನು ಹೈಡ್ರೊಫ್ಲೋರಿಕ್ ಆಮ್ಲದಿಂದ ಕೊರೆದು ಎನಾಮೆಲ್‌ಗೆ ಅಂಟಿಸಬಹುದು ಎಂದು ತಿಳಿದಾಗ.

ಈಗ ಹಲ್ಲಿನ ಮುಂಬದಿಯನ್ನು ಸಾಮಾನ್ಯವಾಗಿ 0.3ರಿಂದ 0.7 ಮಿ.ಮೀ. ಕೆರೆದು, ಅಳತೆಯಚ್ಚು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿಂದ ಬರುವ ತೆಳು ಪಿಂಗಾಣಿ ಹೊದಿಕೆಯನ್ನು ರಾಳದ ಸಿಮೆಂಟಿನಿಂದ ಕೂರಿಸುತ್ತಾರೆ. ನಡುವಿನ ದಿನಗಳಿಗೆ ತಾತ್ಕಾಲಿಕ ಹೊದಿಕೆ. ಪಿಂಗಾಣಿ ಅರಿಶಿನಕ್ಕೂ ಕಾಫಿಗೂ ಜಗ್ಗುವುದಿಲ್ಲ, ಹೊಳಪು ಉಳಿಯುತ್ತದೆ, ಚೆನ್ನಾಗಿ ಮಾಡಿದ್ದು ಹತ್ತು ಹದಿನೈದು ವರ್ಷ ಬಾಳುತ್ತದೆ.

ಪ್ರಶ್ನೆ ಇರುವುದು ಎಷ್ಟು ಕೆರೆಯಬೇಕು ಎಂಬಲ್ಲಿ. ಬಾಚಿಹಲ್ಲಿನ ಎನಾಮೆಲ್ ತುದಿಯ ಹತ್ತಿರ ಸುಮಾರು 1 ಮಿ.ಮೀ. ದಪ್ಪ, ಒಸಡಿನ ಹತ್ತಿರ 0.3-0.5 ಮಿ.ಮೀ. ಮಾತ್ರ. ಕೈ ಸ್ವಲ್ಪ ಆಳಕ್ಕೆ ಹೋದರೂ ಎನಾಮೆಲ್ ಮುಗಿದು ಡೆಂಟಿನ್ ಸಿಗುತ್ತದೆ. ಡೆಂಟಿನ್‌ಗೆ ಅಂಟು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಹಲ್ಲು ಜುಮ್ಮೆನ್ನುತ್ತದೆ, ವಿನಿಯರ್ ಬೇಗ ಬಿಡುತ್ತದೆ. ಕೆರೆದ ಎನಾಮೆಲ್ ಮತ್ತೆ ಬೆಳೆಯುವುದೂ ಇಲ್ಲ. ಇಪ್ಪತ್ತೈದರಲ್ಲಿ ಹಾಕಿಸಿದವರು ನಲವತ್ತಕ್ಕೊಮ್ಮೆ, ಐವತ್ತೈದಕ್ಕೊಮ್ಮೆ ಬದಲಿಸುವ ಖರ್ಚನ್ನೂ ಅಂದೇ ಲೆಕ್ಕ ಹಾಕಬೇಕು. ವಿನಿಯರ್ ಎಂದು ಹೇಳಿ ಹಲ್ಲನ್ನು ಸುತ್ತಲೂ ಗೂಟದಂತೆ ಕೊರೆಯುತ್ತಿದ್ದರೆ ಅದು ವಿನಿಯರ್ ಅಲ್ಲ, ಕ್ಯಾಪ್. ಸಂದಿಗಾಗಿ ಆರೋಗ್ಯವಾದ ಹಲ್ಲನ್ನು ಅಷ್ಟು ಕಳೆದುಕೊಳ್ಳುವ ಅಗತ್ಯವಿಲ್ಲ.

ಹಾಗಾದರೆ ವಿನಿಯರ್ ಯಾರಿಗೆ? ಆಕಾರದ ಜೊತೆಗೆ ಬಣ್ಣವೂ ಕೆಟ್ಟಿರುವವರಿಗೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಕಂದು ಕಲೆ, ಗುಳಿಗಳು ಇರುತ್ತವೆ. ಕಲೆ ತೆಳುವಾಗಿದ್ದರೆ ಬ್ಲೀಚಿಂಗ್ ಮತ್ತು ಮೇಲುಪದರ ಉಜ್ಜುವಿಕೆಯಲ್ಲೇ ತಗ್ಗುತ್ತದೆ. ಆಳವಾಗಿದ್ದು ಜೊತೆಗೆ ಸಂದಿಯೂ ಇದ್ದರೆ ವಿನಿಯರ್ ಎರಡನ್ನೂ ಒಟ್ಟಿಗೆ ಸರಿಪಡಿಸುತ್ತದೆ. ಹಲವು ಹಲ್ಲುಗಳು ಕಿರಿದಾಗಿದ್ದು ಬಾಂಡಿಂಗ್ ಪದೇ ಪದೇ ಒಡೆಯುವವರಿಗೂ ಅದು ಸರಿ. ಸಂದಿಯಿರುವ ಕಿರಿ ಹಲ್ಲುಗಳಲ್ಲಿ ಸೇರಿಸಲು ಜಾಗ ಇರುವುದರಿಂದ ಕೆರೆತವನ್ನು ಬಹಳ ಕಡಿಮೆ ಮಾಡಬಹುದು. ಅದನ್ನು ಕೇಳಿ ಪಡೆಯಬೇಕು. ರಾತ್ರಿ ಹಲ್ಲು ಕಡಿಯುವವರು ಯಾವುದನ್ನೇ ಮಾಡಿಸಿದರೂ ನೈಟ್ ಗಾರ್ಡ್ ಹಾಕಿಕೊಂಡೇ ಮಲಗಬೇಕು.

ಕ್ರಮ ತಪ್ಪಿದರೆ ಕೆಲಸ ಎರಡು ಸಲ

ಮೊದಲು ಒಸಡಿನ ಆರೋಗ್ಯ, ಆಮೇಲೆ ಬೇಕಿದ್ದರೆ ಕ್ಲಿಪ್, ಆಮೇಲೆ ಒಸಡು ಕತ್ತರಿಕೆ, ಆಮೇಲೆ ಬ್ಲೀಚಿಂಗ್, ಕೊನೆಗೆ ಬಾಂಡಿಂಗ್ ಅಥವಾ ವಿನಿಯರ್. ಕಾಂಪೊಸಿಟ್ ಮತ್ತು ಪಿಂಗಾಣಿ ಬ್ಲೀಚ್‌ಗೆ ಬಿಳುಪಾಗುವುದಿಲ್ಲ, ಹಾಗಾಗಿ ಬಿಳುಪು ಮೊದಲು. ಬ್ಲೀಚ್ ಆದ ಮೇಲೆ ಎರಡು ವಾರ ಬಿಡಬೇಕು, ಇಲ್ಲದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಒಸಡು ಕತ್ತರಿಕೆಯ ನಂತರದ ಕಾಯುವಿಕೆ ಎಲ್ಲಕ್ಕಿಂತ ಮುಖ್ಯ. ಒಸಡಷ್ಟನ್ನೇ ಕತ್ತರಿಸಿದ್ದರೆ ಆರೆಂಟು ವಾರ. ಮೂಳೆ ತಿದ್ದಿದ್ದರೆ ಮುಂದಿನ ಹಲ್ಲುಗಳಲ್ಲಿ ಮೂರರಿಂದ ಆರು ತಿಂಗಳು, ಯಾಕೆಂದರೆ ಅಂಚು ಅಲ್ಲಿಯವರೆಗೂ ಅಲ್ಪಸ್ವಲ್ಪ ಸರಿಯುತ್ತಿರುತ್ತದೆ. ಎರಡು ತಿಂಗಳಲ್ಲಿ ಮದುವೆ ಇದ್ದು ಮೂಳೆ ತಿದ್ದಬೇಕಾಗಿದ್ದರೆ ಪ್ರಾಮಾಣಿಕ ಉತ್ತರ ಹೀಗಿರುತ್ತದೆ: ಈಗ ಅಳತೆ ಮೀರದಷ್ಟು ಬಾಂಡಿಂಗ್ ಮಾತ್ರ ಮಾಡೋಣ, ಒಸಡಿನ ಕೆಲಸ ಮದುವೆ ಮುಗಿದ ಮೇಲೆ.

ಕೆಲಸ ಕೆಟ್ಟಿದೆಯೇ ಎಂದು ಮನೆಯಲ್ಲೇ ತಿಳಿಯಬಹುದು. ಹಲ್ಲುಗಳ ನಡುವೆ ಫ್ಲಾಸ್ ದಾರ ಹಾಯಿಸಿ ನೋಡಿ. ದಾರ ಹೋಗಲೇ ಇಲ್ಲವೆಂದರೆ ಎರಡು ಹಲ್ಲನ್ನು ಒಂದಕ್ಕೊಂದು ಅಂಟಿಸಿದ್ದಾರೆ. ಸಿಕ್ಕಿಕೊಂಡು ಎಳೆಎಳೆಯಾದರೆ ಅಂಚಿನಲ್ಲಿ ಮೆಟ್ಟಿಲು ಉಳಿದಿದೆ. ಅಲ್ಲಿ ಕೊಳೆ ಕೂತು ಹುಳುಕು ಹಿಡಿಯುತ್ತದೆ. ಚೆನ್ನಾಗಿ ಬ್ರಷ್ ಮಾಡಿದರೂ ಆ ಹಲ್ಲುಗಳ ಸುತ್ತ ಮಾತ್ರ ಒಸಡು ಕೆಂಪಾಗಿದ್ದರೆ ಹೊದಿಕೆಯ ಅಂಚು ಮೂಳೆಗೆ ತೀರಾ ಹತ್ತಿರ ಹೋಗಿರಬಹುದು. ಕತ್ತರಿಸಿದ ಒಸಡು ತಿಂಗಳುಗಳಲ್ಲಿ ವಾಪಸ್ ಬಂದರೆ ಮೂಳೆಯ ಅಳತೆ ತಪ್ಪಿದೆ. ಯಾವುದಾದರೂ ಕಂಡರೆ ಅದೇ ವೈದ್ಯರಿಗೆ ತೋರಿಸಿ ತಿದ್ದಿಸಿಕೊಳ್ಳಬೇಕು.

ಹಣದ ವಿಷಯವನ್ನೂ ಹೇಳಬೇಕು. ಒಂದು ಹಲ್ಲಿನ ಪಿಂಗಾಣಿ ವಿನಿಯರ್‌ಗೆ ಕೊಡುವ ದುಡ್ಡಿನಲ್ಲಿ ಸಾಮಾನ್ಯವಾಗಿ ಎರಡು ಮೂರು ಹಲ್ಲಿನ ಬಾಂಡಿಂಗ್ ಆಗುತ್ತದೆ. ಅಂದಕ್ಕಾಗಿ ಮಾಡಿಸುವ ಇಂಥ ಚಿಕಿತ್ಸೆಗಳಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖರ್ಚು ಕಡಿಮೆ, ಒಸಡಿನ ತಜ್ಞರು, ಕ್ಲಿಪ್ ತಜ್ಞರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ.

ಯಾವ ಕ್ಲಿನಿಕ್ಕಿಗೆ ಹೋದರೂ ಒಪ್ಪಿಗೆ ಕೊಡುವ ಮುನ್ನ ನಾಲ್ಕು ಮಾತು ಕೇಳಿ. ನನ್ನ ಸಂದಿಗೆ ಕಾರಣವೇನು, ಎಕ್ಸ್‌ರೇಯಲ್ಲಿ ಏನಿದೆ? ಒಸಡಿನ ಅಂಚಿನಿಂದ ಮೂಳೆ ಎಷ್ಟು ದೂರ? ಸಂದಿ ಮುಚ್ಚಿದ ಮೇಲೆ ನನ್ನ ಹಲ್ಲಿನ ಅಗಲ ಎತ್ತರ ಎಷ್ಟಾಗುತ್ತದೆ? ಕೆರೆಯುವ ಮುನ್ನ ನನ್ನ ಬಾಯಿಯಲ್ಲೇ ತಾತ್ಕಾಲಿಕ ಮಾದರಿ ಕೂರಿಸಿ ತೋರಿಸುತ್ತೀರಾ? ಆ ಮಾದರಿ ಹಾಕಿಕೊಂಡು ‘ವ’, ‘ಫ’ ಅಕ್ಷರಗಳನ್ನು ಹೇಳಿ ನೋಡಿ, ನಕ್ಕು ಫೋಟೋ ತೆಗೆಸಿಕೊಳ್ಳಿ, ಮನೆಯವರಿಗೆ ತೋರಿಸಿ.

ಹಲ್ಲಿನ ಬಣ್ಣ ಚೆನ್ನಾಗಿದ್ದು ಸಂದಿ 2 ಮಿ.ಮೀ. ಒಳಗಿದ್ದರೆ ಮೊದಲ ಆಯ್ಕೆ ಬಾಂಡಿಂಗ್. ಹಲ್ಲು ಗಿಡ್ಡವಾಗಿ ಕಂಡು ಒಸಡು ಇಣುಕಿದರೆ ಅದಕ್ಕೂ ಮುಂಚೆ ಒಸಡು ಕತ್ತರಿಕೆ. ಬಣ್ಣವೂ ಆಕಾರವೂ ಕೆಟ್ಟು ಬೇರೆ ದಾರಿ ಉಳಿಯದಿದ್ದಾಗ ಮಾತ್ರ ವಿನಿಯರ್. ಬಾಂಡಿಂಗ್ ಇಷ್ಟವಾಗದವರು ಮುಂದೆ ಎಂದಾದರೂ ವಿನಿಯರ್‌ಗೆ ಹೋಗಬಹುದು. ಹಲ್ಲು ಕೆರೆಸಿಕೊಂಡು ವಿನಿಯರ್ ಹಾಕಿಸಿದವರು ಬಾಂಡಿಂಗ್‌ಗೆ ಮರಳಲಾರರು.